ಹತ್ತು ಜನರ ಕಂಬಳಿ, ಒಂದು ಪಾಸ್‌ಬುಕ್ಕು

ವಾಚನಾಲಯದ ಹುಡುಗರು ನನ್ನ ಹತ್ರ ಬಂದು, ಸೋಬಾನೆ ಪದಗಳ ಬಗ್ಗೆ ಏನಾದ್ರೂ ಬರೆದುಕೊಡಮ್ಮ ಅಂದ್ರು. ಪದ ಹಾಡೋದು ಬೇರೆ, ಬರೆಯೋದು ಬೇರೆ. ನಾನು ಇಪ್ಪತ್ತು ವರ್ಷದಿಂದ ದಿನಾ ಬರೀತಾ ಇರೋದು ನಮ್ಮ ಸಂಘದ ಲೆಕ್ಕ. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನ ಬರೀತೀನಿ. ನಮ್ಮ ಕಡೆ ಎಲ್ಲಾ ಊರಲ್ಲೂ ಡ್ವಾಕ್ರಾ ಸಂಘ ಇದಾವೆ, ಮಾಲು ಮಾಡಿ ಮಾರೋ ಸಂಘಗಳೂ ಇದಾವೆ. ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು.

ಎರಡು ವರ್ಷದ ಹಿಂದೆ ಕಾರ್ತೀಕದಲ್ಲಿ ಒಂದು ಗುರುವಾರ ನಾನು ಮತ್ತು ನಮ್ಮ ಮೊದಲನೇ ಲೀಡರು ಕಲ್ಯಾಣದುರ್ಗಕ್ಕೆ ಹೋಗಿ ಬ್ಯಾಂಕಿನಲ್ಲಿ ಪಾಸ್‌ಬುಕ್ಕು ಹಾಕಿಸಿದ್ವಿ. ಸೋಮವಾರ ತಾನೇ 22,400 ರೂಪಾಯಿ ಕಟ್ಟಿ ಬಂದಿದ್ವಿ. ಮಿಷಿನ್ನಿಂದ ಹೊರಗೆ ಬಂದ ಪುಸ್ತಕದ ಕೊನೇ ಸಾಲಿನಲ್ಲಿ 5,550 ಅಂತ ಇತ್ತು. ಲೀಡರಮ್ಮ ಓದು ಬರದವಳು, ಆದರೆ ಅಂಕಿ ಚೆನ್ನಾಗಿ ಗೊತ್ತು. "ಅಕ್ಕ, ಯಾರೋ ತಗಂಡವ್ರೆ" ಅಂದ್ಲು. ಯಾರೂ ತಗೊಂಡಿರಲಿಲ್ಲ. ಮೇಲಿನ ಸಾಲಿನಲ್ಲಿ 18,000 ಸಾಲಕ್ಕೆ ಜಮಾ ಆಗಿತ್ತು. ಎರಡು ತಿಂಗಳ ಕಂತು ನಿಂತಿತ್ತು, ದುಡ್ಡು ಬಿದ್ದ ಕೂಡಲೇ ಹಿಡ್ಕೊಂಡಿತ್ತು. ಹಾಗೆ ಹಿಡ್ಕೋಬಹುದು ಅಂತ ಸಾಲ ತಗೊಳ್ಳುವಾಗ ಹತ್ತು ಜನವೂ ಸಹಿ, ಹೆಬ್ಬೆಟ್ಟು ಹಾಕಿಕೊಟ್ಟಿದ್ವಿ. ಬ್ಯಾಂಕಿನವರನ್ನ ಅನ್ನೋಕೆ ಏನೂ ಇರಲಿಲ್ಲ.

ಆದರೆ ಆ 22,400 ಸಾಲದ ದುಡ್ಡಲ್ಲ, ಉಳಿತಾಯದ ದುಡ್ಡೂ ಅಲ್ಲ. ಅದು ಕಂಬಳಿ ಮಾರಿದ ದುಡ್ಡು.

ಕಂಬಳಿ ಹೇಗಾಗ್ತದೆ ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಹೇಳ್ತೀನಿ. ದುಡ್ಡು ಯಾರದು ಅನ್ನೋದು ಅದರಲ್ಲೇ ಇದೆ. ಕರಿ ಕುರಿಯ ತುಪ್ಪಟ ಕತ್ತರಿಸಿದ್ರೆ ಒಂದು ಕುರಿಗೆ ಒಂದು ಸಲಕ್ಕೆ ಅರ್ಧ ಕೇಜಿ ಬಂದ್ರೆ ಹೆಚ್ಚು. ಒಂದು ಕಂಬಳಿಗೆ ಎರಡೂವರೆ ಕೇಜಿ ನೂಲು ಬೇಕು. ಕಸ, ಮುಳ್ಳು ತೆಗೆದ ಮೇಲೆ ಅಷ್ಟು ಉಳೀಬೇಕಾದ್ರೆ ಆರೇಳು ಕುರಿ ತುಪ್ಪಟ ಆಗಬೇಕು. ಈಗ ನಮ್ಮ ಕಡೆ ಕುರುಬರು ಮಾಂಸಕ್ಕೆ ಅಂತ ನೆಲ್ಲೂರು ಕುರಿ ಕಟ್ಟಿದ್ದಾರೆ. ಅದಕ್ಕೆ ತುಪ್ಪಟವೇ ಇಲ್ಲ, ಬರೀ ಕೂದಲು. ಹಂಗಾಗಿ ಉಣ್ಣೆಗೆ ಮೂರು ನಾಲ್ಕು ಹಳ್ಳಿ ತಿರುಗಬೇಕು. ತಂದ ಉಣ್ಣೆಯನ್ನ ಹಿಂಜಿ, ರಾಟೆಯಲ್ಲಿ ನೂಲೋದು ಹೆಂಗಸರ ಕೆಲಸ. ಒಂದು ಕಂಬಳಿ ನೂಲಿಗೆ ಒಬ್ಬಳಿಗೆ ಹತ್ತಿರ ಹತ್ತಿರ ಒಂದು ವಾರ ಹಿಡೀತದೆ. ಆಮೇಲೆ ಹಾಸು ಕಟ್ಟಿ ಅದಕ್ಕೆ ಹುಣಸೆ ಬೀಜದ ಗಂಜಿ ಬಳೀಬೇಕು. ಬೀಜ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕುದಿಸಿ, ಕುಂಚದಲ್ಲಿ ಎಳೆ ಎಳೆಗೂ ತಾಗೋ ಹಂಗೆ ಎಳೆದು, ಬಿಸಿಲಲ್ಲಿ ಒಣಗಿಸ್ತೀವಿ. ಗಂಜಿ ಕಮ್ಮಿ ಆದ್ರೆ ಎಳೆ ಮಗ್ಗದಲ್ಲಿ ಕಿತ್ತು ಬರ್ತದೆ. ನೇಯೋದು ಗುಂಡಿ ಮಗ್ಗದಲ್ಲಿ, ಅದು ನಾಲ್ಕು ಮನೆಯಲ್ಲಿ ಇದೆ. ನೇಯುವವರು ಗಂಡಸರು.

ಹೀಗೆ ಒಂದು ಕಂಬಳಿ ನಾಲ್ಕು ಮನೆ ತಿರುಗಿ ಬರ್ತದೆ. ಆ ವರ್ಷ ನಾವು ಒಂದು ಕಂಬಳಿಗೆ ಕಟ್ಟಿದ ಬೆಲೆ 1,600 ರೂಪಾಯಿ. ಅದರಲ್ಲಿ ಹಿಂಜಿ ನೂತವಳಿಗೆ 600, ನೇಯ್ದ ಮನೆಗೆ 500, ಹಾಸು ಕಟ್ಟಿ ಗಂಜಿ ಹಾಕಿದವಳಿಗೆ 100, ಉಣ್ಣೆ ಕೊಟ್ಟವರಿಗೆ 200, ಅಂಗಡಿ, ಬಸ್ಸು, ಲಗೇಜಿಗೆ 100, ಸಂಘಕ್ಕೆ ಅಂತ ಉಳಿಯೋದು 100. ಎಲ್ಲರೂ ಕೂತು ಒಪ್ಪಿದ ಲೆಕ್ಕ ಅದು. ನೇಯ್ಗೆಯ 500 ಗಂಡಸರ ಕೈಗೆ ಕೊಡಬೇಕೋ ಹೆಂಗಸರ ಕೈಗೋ ಅಂತ ಒಂದು ದೊಡ್ಡ ಜಗಳ ಆಗಿತ್ತು. ಮಗ್ಗ ಅವನದಾದ್ರೂ ಸಂಘದಲ್ಲಿ ಹೆಸರು ಅವಳದು, ದುಡ್ಡು ಅವಳ ಕೈಗೇ ಅಂತ ತೀರ್ಮಾನ ಆಯ್ತು. ಮನೆಗೆ ಹೋದ ಮೇಲೆ ಏನಾಗ್ತಿತ್ತು ಅಂತ ನಾವು ಕೇಳೋಕೆ ಹೋಗಲಿಲ್ಲ.

ಇಪ್ಪತ್ತು ಕಂಬಳಿ ಮೂಟೆ ಕಟ್ಟಿಕೊಂಡು ನಾವು ನಾಲ್ಕು ಜನ ಪಾವಗಡದ ಮೇಲೆ ಹಿಂದೂಪುರಕ್ಕೆ ಹೋದ್ವಿ. ಸಂಘಗಳ ಮಾಲು ಮಾರೋಕೆ ನಾಲ್ಕು ದಿನ ಜಾಗ ಕೊಟ್ಟಿದ್ರು. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯ್ತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳೀತು. ಬೇರೆ ಜಿಲ್ಲೆ ಸಂಘ ಅಂತ ನಮ್ಮನ್ನ ಮೂಲೆಗೆ ಕೂರಿಸಿದ್ರು. ಆದ್ರೂ ಮಾಲು ಹೋಯ್ತು. ಪಕ್ಕದಲ್ಲೇ ಮಿಲ್ಲಿನ ರಗ್ಗು ಮುನ್ನೂರಕ್ಕೆ ಮಾರ್ತಾ ಇದ್ರು. ಒಬ್ಬ ಯಜಮಾನರು ಬಂದು, ನಿಮ್ಮದು ನಿಜವಾದ ಉಣ್ಣೆ ಅಂತ ಹೆಂಗೆ ನಂಬೋದು ಅಂದ್ರು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ ತೋರಿಸಿದೆ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರ್ತದೆ, ಬೂದಿ ಬೆರಳಲ್ಲಿ ಒತ್ತಿದ್ರೆ ಪುಡಿ ಆಗ್ತದೆ. ರಗ್ಗಿನ ಎಳೆ ಕರಗಿ ಗಟ್ಟಿ ಮಣಿ ಆಗ್ತದೆ. ಅವರು ದೇವರ ಗದ್ದಿಗೆಗೆ ಒಂದು, ತಮಗೆ ಒಂದು ತಗೊಂಡು ಹೋದ್ರು.

ಇಪ್ಪತ್ತೂ ಮಾರಿದ್ವಿ. 32,000 ಆಯ್ತು. ಹದಿನಾಲ್ಕು ಕಂಬಳಿಗೆ ನಗದು ಬಂತು, ಅದೇ ಆ 22,400. ಉಳಿದ ಆರು ಕಂಬಳಿ ತಗೊಂಡವರು ಫೋನಿನಲ್ಲಿ ಹಾಕ್ತೀವಿ ಅಂದ್ರು. ನಮ್ಮ ಸಂಘದ ಖಾತೆ ಇಬ್ಬರು ಲೀಡರು ಸೇರಿ ಸಹಿ ಹಾಕಿದ್ರೆ ಮಾತ್ರ ನಡೆಯೋ ಖಾತೆ. ಒಬ್ಬರ ಫೋನಿಗೆ ಅದನ್ನ ಸೇರಿಸಿ ಕೊಡೋದಿಲ್ಲ, ಎ.ಟಿ.ಎಂ. ಕಾರ್ಡೂ ಇಲ್ಲ. ಇಬ್ಬರ ಸಹಿ ಇರೋದೇ ಒಬ್ಬಳು ತಗೊಂಡು ಹೋಗಬಾರದು ಅಂತ. ಅದು ಸರಿಯೇ. ಆದರೆ ಅಂಗಡಿ ಮುಂದೆ ಗಿರಾಕಿ ನಿಂತಾಗ ಏನು ಮಾಡೋದು? ಎರಡನೇ ಲೀಡರಿನ ಮಗ ಜೊತೆಗೆ ಬಂದಿದ್ದ, ಅವನ ಫೋನಿನ ಸ್ಕ್ಯಾನರ್ ಇಟ್ವಿ. 9,600 ಅವನ ಖಾತೆಗೆ ಹೋಯ್ತು. ಹುಡುಗ ಒಳ್ಳೆಯವನೇ. ಆದರೆ ಅವನ ಬೈಕಿನ ಕಂತು ಅದೇ ಖಾತೆಯಿಂದ ಕತ್ತರಿಸ್ಕೊಳ್ಳೋದು, 3,200 ಹೋಗಿಬಿಡ್ತು. ಹತ್ತು ದಿನದಲ್ಲಿ ತಂದು ಕೊಟ್ಟ. ಕೊಡೋವರೆಗೂ ಅವನ ತಾಯಿ ನಮ್ಮ ಮುಖ ನೋಡಲಿಲ್ಲ.

ಈಗ ಆ 18,000ದ ಕಂತು ಯಾಕೆ ನಿಂತಿತ್ತು ಅಂತ ಹೇಳಬೇಕು. ಹತ್ತು ಜನರಲ್ಲಿ ಒಂಬತ್ತು ಜನ ಸಾಲ ತಗೊಂಡಿದ್ವಿ, ತಲೆಗೆ 30,000. ತಿಂಗಳಿಗೆ ತಲೆಗೆ ಸಾವಿರದ ಹಾಗೆ 9,000 ಕಂತು. ಕಡ್ಲೆಕಾಯಿ ಆ ವರ್ಷ ಒಣಗಿತು. ನಾಲ್ಕು ಜನ ಎರಡು ತಿಂಗಳು ಕಂತು ತರಲಿಲ್ಲ. ಐದು ಜನ ತಂದ್ವಿ. ಪೂರಾ ಆಗದೆ ಹೆಂಗೆ ಕಟ್ಟೋದು ಅಂತ ನಾನು ಆ ದುಡ್ಡನ್ನ ಸಂಘದ ಪೆಟ್ಟಿಗೆಯಲ್ಲಿ ಇಟ್ಟೆ. ಎರಡು ತಿಂಗಳಿಗೆ 10,000 ಪೆಟ್ಟಿಗೆಯಲ್ಲೇ ಕೂತಿತ್ತು, ಬ್ಯಾಂಕಿನಲ್ಲಿ ಬಾಕಿ ಅಂತ ಬೆಳೀತಾ ಇತ್ತು. ಅದು ನನ್ನ ಮೊದಲನೇ ತಪ್ಪು. ಇದ್ದಷ್ಟನ್ನ ಕಟ್ಟಿದ್ರೆ ಬಾಕಿ 8,000 ಮಾತ್ರ ಇರ್ತಿತ್ತು.

ಎರಡನೇ ತಪ್ಪು ಇನ್ನೂ ದೊಡ್ಡದು. ನಾನು ಎಲ್ಲಾ ದುಡ್ಡನ್ನ ಒಂದೇ ಹಾಳೆಯಲ್ಲಿ ಬರೀತಾ ಇದ್ದೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಸರ್ಕಾರದ ಪುಸ್ತಕ ತೆಲುಗಿನಲ್ಲಿ, ಅದನ್ನ ಯಾನಿಮೇಟರ್ ಹುಡುಗಿ ಬರೀತಾಳೆ. ನಾನು ಏಳನೇ ಕ್ಲಾಸು ಕನ್ನಡದಲ್ಲಿ ಓದಿದವಳು, ಜನರಿಗೆ ಓದಿ ಹೇಳೋಕೆ ಅಂತ ಕನ್ನಡದಲ್ಲಿ ಒಂದು ಬರೀತೀನಿ. ಪಾಸ್‌ಬುಕ್ಕಿಗೂ ನನ್ನ ಪುಸ್ತಕಕ್ಕೂ ತಾಳೆ ಆದ್ರೆ ಸಾಕು ಅಂದುಕೊಂಡಿದ್ದೆ. ತಾಳೆ ಆಗ್ತಾನೂ ಇತ್ತು. ಆದರೆ ಮೂರು ಮನೆಯ ಕಡ್ಲೆಕಾಯಿ ಒಂದೇ ಕಣದಲ್ಲಿ ಒಂದೇ ರಾಶಿ ಹಾಕಿದ್ರೆ, ಒಟ್ಟು ತೂಕ ಸರಿ ಇದ್ದು ಏನು ಪ್ರಯೋಜನ?

ನಮ್ಮ ಖಾತೆಯಲ್ಲಿ ಮೂರು ತರದ ದುಡ್ಡು ಇರ್ತದೆ. ಒಂದು ಉಳಿತಾಯ, ತೆಲುಗಿನಲ್ಲಿ ಪೊದುಪು ಅಂತಾರೆ. 1992ರಲ್ಲಿ ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸರು ಸಾರಾಯಿ ನಿಲ್ಲಿಸಿದ ಮೇಲೆ ಆ ಜಿಲ್ಲೆಯಲ್ಲಿ ದಿನಕ್ಕೊಂದು ರೂಪಾಯಿ ಉಳಿಸೋ ಪೊದುಪು ಲಕ್ಷ್ಮಿ ಶುರುವಾಯ್ತು. ನಾವೂ ತಿಂಗಳಿಗೆ ಮೂವತ್ತು ರೂಪಾಯಿಯಿಂದಲೇ ಶುರು ಮಾಡಿದ್ದು. ಇದು ಹತ್ತು ಜನಕ್ಕೂ ಸಮ. ಎರಡನೇದು ಸಾಲದ ಕಂತು. ಇದು ಸಾಲ ತಗೊಂಡ ಒಂಬತ್ತು ಜನರದು. ಮೂರನೇದು ಮಾರಿದ ದುಡ್ಡು. ಇದು ಕೈ ಕೆಲಸ ಮಾಡಿದವರದು, ಯಾರು ಎಷ್ಟು ಮಾಡಿದ್ರೋ ಅಷ್ಟು. ಪಾಸ್‌ಬುಕ್ಕಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ ಕೊನೇ ಸಾಲಿನ ಅಂಕಿ ಒಂದೇ. ವ್ಯತ್ಯಾಸ ಗೊತ್ತಿರಬೇಕಾದ್ದು ನನ್ನ ಪುಸ್ತಕಕ್ಕೆ.

ಆ ಗುರುವಾರ ರಾತ್ರಿ ಸಂಘ ಕೂಡಿತು. ಸಾಲ ತಗೊಳ್ಳದ ಹತ್ತನೆಯವಳು ನನಗಿಂತ ದೊಡ್ಡವಳು, ನಾನು ದೊಡ್ಡಮ್ಮ ಅಂತೀನಿ. ಇಪ್ಪತ್ತು ಕಂಬಳಿಯಲ್ಲಿ ಆರಕ್ಕೆ ಅವಳೇ ನೂತಿದ್ದು. ಅವಳಿಗೆ 3,600 ಬರಬೇಕು. ಬೆರಳುಗಂಟು ಊದಿಕೊಂಡಿದ್ರೂ ನೂತಿದ್ದಳು. ನಾನು ನಡೆದದ್ದು ಹೇಳಿದೆ. ಎಲ್ಲರೂ ಬಾಕಿ ಇಟ್ಟ ನಾಲ್ವರನ್ನ ಬೈಯೋಕೆ ಶುರು ಮಾಡಿದ್ರು. ದೊಡ್ಡಮ್ಮ ಅವರನ್ನ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ನಾನು ಸಾಲಾನೇ ತಗಂಡಿಲ್ವಲ್ಲವ್ವ. ನನ್ನ ನೂಲಿನ ದುಡ್ಡು ಯಾರ ಸಾಲಕ್ಕೆ ಹೋತು?" ಅಂದ್ಲು.

ಸಾಲದ ಕಾಗದಕ್ಕೆ ಅವಳೂ ಹೆಬ್ಬೆಟ್ಟು ಒತ್ತಿದ್ದಾಳೆ. ಸಂಘದ ಸಾಲ ಅಂದ್ರೆ ಎಲ್ಲರ ಜವಾಬ್ದಾರಿ, ತಗೊಳ್ಳದವಳದೂ ಸೇರಿ. ಕಾಗದದ ಪ್ರಕಾರ ಅದೇ ಉತ್ತರ. ಆದರೆ ಆ ಉತ್ತರ ಕೊಡೋಕೆ ನನಗೆ ಬಾಯಿ ಬರಲಿಲ್ಲ. ಸೋಬಾನೆಯಲ್ಲಿ ಒಬ್ಬಳು ಸಾಲು ಮರೆತರೆ ಇನ್ನೊಬ್ಬಳು ಎತ್ತಿಕೊಳ್ತಾಳೆ, ಕೇಳೋರಿಗೆ ಗೊತ್ತೂ ಆಗಲ್ಲ. ಇಲ್ಲಿ ಎತ್ತಿಕೊಂಡವಳಿಗೆ ತಾನು ಎತ್ತಿಕೊಂಡದ್ದೇ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಲಾಟೀನು ಹತ್ರ ಎಳ್ಕೊಂಡು ಲೆಕ್ಕ ಬಿಡಿಸಿದ್ವಿ, ಕರೆಂಟು ಆವತ್ತು ಇರಲಿಲ್ಲ. ಖಾತೆಯಲ್ಲಿ ಮೊದಲೇ ಇದ್ದ ಉಳಿತಾಯ 1,150. ಅದು ಬಿಟ್ಟರೆ 5,550ರಲ್ಲಿ ಕಂಬಳಿ ದುಡ್ಡು 4,400. ಪೆಟ್ಟಿಗೆಯಲ್ಲಿ ಕೂತಿದ್ದ 10,000 ಐದು ಜನರ ಕಂತು. ಅವರ ಕಂತನ್ನ ಬ್ಯಾಂಕು ಕಂಬಳಿ ದುಡ್ಡಿನಲ್ಲಿ ಆಗಲೇ ತಗೊಂಡಿದೆ, ಹಂಗಾಗಿ ಪೆಟ್ಟಿಗೆಯ ದುಡ್ಡು ಈಗ ಕಂಬಳಿಯವರದು. ಹುಡುಗನ ಹತ್ರ 9,600. ಮೂರೂ ಸೇರಿದ್ರೆ 24,000. ಬರಬೇಕಾದ್ದು 32,000. ಕಮ್ಮಿ ಬಿದ್ದದ್ದು 8,000, ಅದು ಸರಿಯಾಗಿ ಆ ನಾಲ್ಕು ಜನರ ಎರಡು ತಿಂಗಳ ಕಂತು. ಅಲ್ಲಿಗೆ ಗದ್ದಲ ನಿಂತಿತು. ದುಡ್ಡು ಕಳೆದಿಲ್ಲ, ಯಾರ ಹತ್ರ ಇದೆ ಅಂತ ಗೊತ್ತಾಯ್ತು.

ಇರೋ 24,000ದಲ್ಲಿ ಯಾರಿಗೆ ಮೊದಲು? ಎಲ್ಲರಿಗೂ ಮುಕ್ಕಾಲು ಭಾಗ ಕೊಡೋಣ ಅಂದ್ಲು ಒಬ್ಬಳು. ನಾನು ಬೇಡ ಅಂದೆ. ನೂಲಿನವರಿಗೆ 12,000, ಮಗ್ಗದವರಿಗೆ 10,000, ಗಂಜಿಯವರಿಗೆ 2,000, ಕೂಡಿದ್ರೆ 24,000 ಆಗ್ತದೆ. ಕೈ ಕೆಲಸಕ್ಕೆ ಪೂರಾ ಕೊಟ್ಟುಬಿಡೋಣ, ಉಣ್ಣೆಯ 4,000, ಅಂಗಡಿ ಖರ್ಚು 2,000, ಸಂಘದ 2,000 ಕಾಯಲಿ ಅಂದೆ. ಉಣ್ಣೆ ಕೊಟ್ಟವರಲ್ಲಿ ಇಬ್ಬರು ಬಾಕಿ ಇಟ್ಟವರೇ ಆಗಿದ್ರು, ಅವರು ತಮ್ಮ ಉಣ್ಣೆ ದುಡ್ಡನ್ನ ಬಾಕಿಗೆ ಮುರಿದುಕೊಳ್ಳಿ ಅಂದ್ರು. ಬಸ್ಸಿನ ಖರ್ಚು ಲೀಡರಮ್ಮ ಕೈಯಿಂದ ಹಾಕಿದ್ದಳು, ಅವಳು ಸಂಕ್ರಾಂತಿವರೆಗೂ ಕಾದಳು. ದೊಡ್ಡಮ್ಮನಿಗೆ ಪೆಟ್ಟಿಗೆಯಿಂದಲೇ ಆ ರಾತ್ರಿ 3,600 ಎಣಿಸಿ ಕೊಟ್ವಿ.

ಆಮೇಲೆ ಕಂಬಳಿಗೆ ಅಂತ ಬೇರೆ ಖಾತೆ ತೆಗೆಯೋಣ ಅನ್ನೋ ಮಾತು ಬಂತು. ಬ್ಯಾಂಕಿನಲ್ಲಿ ಕೇಳಿದ್ವಿ. ಅದೇ ಸಂಘದ ಹೆಸರಲ್ಲಿ ಅಲ್ಲೇ ಇನ್ನೊಂದು ಖಾತೆ ತೆಗೆದ್ರೂ ಬಾಕಿ ಬಂದ್ರೆ ಅದರಿಂದಲೂ ಹಿಡ್ಕೋಬಹುದು ಅಂತ ತಿಳೀತು. ಒಬ್ಬಳ ಹೆಸರಲ್ಲಿ ತೆಗೆದ್ರೆ ಬೈಕಿನ ಕತೆ ಆಗ್ತದೆ. ಅದಕ್ಕೆ ಖಾತೆ ಒಂದೇ ಉಳೀತು, ಕೆಲಸ ಹಂಚಿಕೊಂಡ್ವಿ. ಸಾಲದ ಹಾಳೆ, ಉಳಿತಾಯದ ಹಾಳೆ, ಕಂಬಳಿ ಹಾಳೆ ಬೇರೆ ಬೇರೆ ಮಾಡಿದೆ. ಮೂರು ಹಾಳೆಯ ಉಳಿಕೆ ಕೂಡಿಸಿದ್ರೆ ಪಾಸ್‌ಬುಕ್ಕಿನ ಅಂಕಿ ಬರಬೇಕು. ಬರಲಿಲ್ಲ ಅಂದ್ರೆ ಆವತ್ತು ಯಾರೂ ಏಳೋ ಹಾಗಿಲ್ಲ. ಕಂತು ಎಷ್ಟು ಬಂದ್ರೆ ಅಷ್ಟು ಮರುದಿನವೇ ಕಟ್ಟಬೇಕು, ಪೆಟ್ಟಿಗೆಯಲ್ಲಿ ಇಡಬಾರದು. ಕಂಬಳಿ ದುಡ್ಡು ಖಾತೆಗೆ ಹೋದ ಮೂರು ದಿನದೊಳಗೆ ತೆಗೆದು ಹಂಚಬೇಕು, ಬಾಕಿ ಕಂತು ಇದ್ದಾಗ ಖಾತೆಗೆ ಹಾಕಲೇಬಾರದು. ದುಡ್ಡು ತೆಗೆಯುವಾಗ ಯಾವ ಹಾಳೆಯಿಂದ ಅಂತ ತೀರ್ಮಾನದ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಆದ ಮೇಲೆ ಲೀಡರುಗಳು ಫಾರಂಗೆ ಸಹಿ ಹಾಕಬೇಕು. ಖಾಲಿ ಫಾರಂಗೆ ಮುಂಚೆನೇ ಸಹಿ ಮಾಡಿ ಇಟ್ಟುಕೊಳ್ಳೋ ಅಭ್ಯಾಸ ಇತ್ತು, ಅದನ್ನ ಹರಿದು ಒಲೆಗೆ ಹಾಕಿದ್ವಿ. ಮುಂದಿನ ವರ್ಷ ಸಂಘದ ಹೆಸರಲ್ಲೇ, ದುಡ್ಡು ಬರೋಕೆ ಮಾತ್ರ ಆಗೋ ಸ್ಕ್ಯಾನರ್ ಕಾಗದ ಬ್ಯಾಂಕಿನಿಂದ ಸಿಕ್ಕಿತು. ಹೊರಗೆ ತೆಗೆಯೋಕೆ ಈಗಲೂ ಇಬ್ಬರೂ ಹೋಗಬೇಕು.

ಮಾಲಿಗೂ ಒಂದು ಕಟ್ಟು ಮಾಡಿದ್ವಿ. ಪ್ರತಿ ಕಂಬಳಿ ಮೂಲೆಗೆ ಬಟ್ಟೆ ಚೀಟಿ ಹೊಲೀತೀವಿ, ನಂಬರು ಹಾಕಿ, ನೂತವಳ ಗುರುತಿಗೆ ದಾರದ ಗಂಟು. ದೊಡ್ಡಮ್ಮನದು ಮೂರು ಗಂಟು. ಮಾರೋಕೆ ಮುಂಚೆ ಮೂವರು ಕೂತು ಒಂದೊಂದನ್ನೂ ತೂಗಿ, ಬೆಳಕಿಗೆ ಹಿಡಿದು ನೋಡಿ, ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡ್ತದಾ ನೋಡ್ತೀವಿ. ಒಂದು ಸಲ ಒಬ್ಬಳು ಕಸಾಯಿಖಾನೆಯ ಉಣ್ಣೆ ಸೇರಿಸಿದ್ದಳು. ಚರ್ಮಕ್ಕೆ ಸುಣ್ಣ ಹಾಕಿ ಕಿತ್ತ ಉಣ್ಣೆ ಅದು, ಒರಟು, ಕೈಯಲ್ಲಿ ಎಳೆದ್ರೆ ತುಂಡಾಗ್ತದೆ, ನೆನೆಸಿದ್ರೆ ನಾತ. ಮೂವರು ತಿರಸ್ಕರಿಸಿದ್ರೆ ಅದು ಮಾಡಿದವಳಿಗೇ ವಾಪಸ್ಸು, ನಷ್ಟ ಅವಳದು. ಮೂವರು ಒಪ್ಪಿದ ಮೇಲೆ ಗಿರಾಕಿ ವಾಪಸ್ಸು ತಂದ್ರೆ ನಷ್ಟ ಹತ್ತು ಜನರದು, ಸಂಘದ ಆ ನೂರು ರೂಪಾಯಿಗಳಿಂದ ಕೊಡೋದು. ಈ ಗೆರೆ ಎಳೆದ ಮೇಲೆ ನೋಡೋ ಮೂವರು ಮುಲಾಜು ಬಿಟ್ಟರು.

ಹೋದ ವರ್ಷ ಹಳೇ ಸಾಲ ತೀರಿ ಹೊಸ ಸಾಲದ ಕಾಗದ ಬಂತು. ಹತ್ತು ಜನರ ಸಹಿ ಇಲ್ಲದೆ ಆಗೋದಿಲ್ಲ. ದೊಡ್ಡಮ್ಮ ಈ ಸಲವೂ ಸಾಲ ಬೇಡ ಅಂದಳು, ಹೆಬ್ಬೆಟ್ಟೂ ಒತ್ತೋದಿಲ್ಲ ಅಂದಳು. ಒಂಬತ್ತು ಜನ ಒಂದು ವಾರ ಅವಳ ಮನೆ ಸುತ್ತಿದ್ರು. ನಾನು ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ? ಕೊನೆಗೆ ಅವಳೇ ಹೇಳಿಕಳಿಸಿದಳು. ನೂಲಿನ ಕೂಲಿ ಕಂಬಳಿ ಮಾರಿದ ಜಾಗದಲ್ಲೇ ನಗದಿನಿಂದ ತೆಗೆದಿಟ್ಟು, ಊರಿಗೆ ಬಂದ ದಿನವೇ ಕೊಡಬೇಕು, ಖಾತೆಗೆ ಹೋಗಬಾರದು ಅಂತ ತೀರ್ಮಾನದ ಪುಸ್ತಕದಲ್ಲಿ ಬರೀರಿ ಅಂತ. ಬರೆದೆ. ತೆಲುಗಿನಲ್ಲಿ ಯಾನಿಮೇಟರ್ ಬರೆದಳು, ಕೆಳಗೆ ಕನ್ನಡದಲ್ಲಿ ನಾನು.

ದೊಡ್ಡಮ್ಮ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು, "ಓದವ್ವ" ಅಂದಳು. ಓದಿದೆ. "ಇನ್ನೊಂದು ಸಲ ಓದು" ಅಂದಳು. ಇನ್ನೊಂದು ಸಲ ಓದಿದೆ. ಆಮೇಲೆ ಬೆರಳು ಮಸಿಗೆ ಅದ್ದಿದಳು.